ನಕಲಿ ಮೈಸೂರು ಸಿಲ್ಕ್ ಕೊಂಡವರಿಗೆ ಒಂದು ಬಹಿರಂಗ ಪತ್ರ

ಅಕ್ಕತಂಗಿಯರೇ, ಮನೆಯವರಿಗೆ ಉಡುಗೊರೆ ಕೊಡಲು ಹೋಗಿ ಸಿಕ್ಕಿಬಿದ್ದ ಅಣ್ಣತಮ್ಮಂದಿರೇ,



‘ಫ್ಯಾಕ್ಟರಿಯಿಂದ ನೇರ ಮಾರಾಟ, ಅಸಲಿ ಮೈಸೂರು ಸಿಲ್ಕ್, ಇಂದೇ ಕೊನೆಯ ದಿನ’ ಎಂದು ಮೊಬೈಲಿಗೆ ಬಂದ ಜಾಹೀರಾತು ನೋಡಿ ದುಡ್ಡು ಕಟ್ಟಿದಿರಿ. ಸೀರೆ ಬಂತು. ಬಿಡಿಸಿ ನೋಡಿದಾಗಲೇ ಅನುಮಾನ ಬಂತು, ಬಲ್ಲವರಿಗೆ ತೋರಿಸಿದಿರಿ, ನಕಲಿ ಎಂದು ಖಾತ್ರಿಯಾಯಿತು. ನಕಲಿಯನ್ನು ಗುರುತಿಸುವುದು ಹೇಗೆ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಗುರುತಿಸಿದ ಮೇಲೆ ದುಡ್ಡು ವಾಪಸ್ ತರಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ನನ್ನ ವಿಷಯ. ನಾನು ಬ್ಯಾಂಕೊಂದರ ಕಾರ್ಡ್ ವಿಭಾಗದಲ್ಲಿ ಗ್ರಾಹಕರ ತಕರಾರು ಅರ್ಜಿಗಳನ್ನು ನೋಡುತ್ತಿದ್ದವಳು, ಈಗ ನಿವೃತ್ತಳು. ನನ್ನ ಮೇಜಿನ ಮೇಲೆ ಬಿದ್ದುಹೋದ ಅರ್ಜಿಗಳಲ್ಲಿ ಹೆಚ್ಚಿನವು ನ್ಯಾಯವಿಲ್ಲದೆ ಬಿದ್ದವಲ್ಲ. ಬರೆಯಬೇಕಾದ್ದನ್ನು ಬರೆಯದೆ, ಬರೆಯಬಾರದ್ದನ್ನು ಬರೆದು ಬಿದ್ದವು.

ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ನಿಮ್ಮ ಕೈಯಲ್ಲಿರುವ ಸೀರೆ ಎರಡು ಬಗೆಯ ನಕಲಿಗಳಲ್ಲಿ ಯಾವುದು? ರೇಷ್ಮೆಯೇ ಅಲ್ಲದ, ಪಾಲಿಯೆಸ್ಟರ್ ಸೀರೆ ಒಂದು ಬಗೆ. ರೇಷ್ಮೆಯೇನೋ ಹೌದು, ಆದರೆ ಕೆಎಸ್‌ಐಸಿಯ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಸೀರೆಯಲ್ಲ ಎಂಬುದು ಇನ್ನೊಂದು ಬಗೆ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ವಾರಸುದಾರ ಈ ನಿಗಮವೇ. ‘ಮೈಸೂರು ಸಿಲ್ಕ್’ ಹೆಸರಿಗೆ 2005ರಲ್ಲಿ ಸಿಕ್ಕ ಭೌಗೋಳಿಕ ಗುರುತೂ ಇದರ ಹೆಸರಿನಲ್ಲೇ ಇದೆ. ಬೇರೆ ಮಗ್ಗಗಳಲ್ಲಿ ಒಳ್ಳೆಯ ರೇಷ್ಮೆ ಕ್ರೇಪ್ ನೇಯುವವರು ಇದ್ದಾರೆ. ಅದನ್ನು ಅದರದೇ ಹೆಸರಿನಲ್ಲಿ ಮಾರಿದರೆ ಯಾರ ತಕರಾರೂ ಇಲ್ಲ. ಕೆಎಸ್‌ಐಸಿಯ ಸೀರೆ ಎಂದು ಮಾರಿದರೆ ಮೋಸ. ಈ ಎರಡು ಬಗೆಗೆ ಬೇಕಾಗುವ ಸಾಕ್ಷಿ ಬೇರೆ ಬೇರೆ. ಅದಕ್ಕೇ ಇದನ್ನು ಮೊದಲು ತೀರ್ಮಾನಿಸಿಕೊಳ್ಳಿ ಎನ್ನುತ್ತಿದ್ದೇನೆ.

ಸೀರೆಯನ್ನು ಉಡಬೇಡಿ, ಒಗೆಯಬೇಡಿ, ಫಾಲ್ಸ್ ಹಚ್ಚಿಸಬೇಡಿ. ಎಳೆ ಕಿತ್ತು ಸುಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಿಮ್ಮ ಮನಸ್ಸಿನ ಸಮಾಧಾನಕ್ಕೆ ಒಂದೆರಡು ಎಳೆ ಸಾಕು. ತುಂಡು ಕತ್ತರಿಸಿದರೆ ‘ಗ್ರಾಹಕರೇ ಹಾಳು ಮಾಡಿದ್ದಾರೆ’ ಎನ್ನಲು ಮಾರಾಟಗಾರನಿಗೆ ನೀವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಅಲ್ಲದೆ ನೀವು ಅಡುಗೆಮನೆಯಲ್ಲಿ ಸುಟ್ಟು ನೋಡಿದ್ದನ್ನು ಬ್ಯಾಂಕು ಸಾಕ್ಷಿ ಎಂದು ಒಪ್ಪುವುದಿಲ್ಲ.

ಪಾರ್ಸೆಲ್ ಕವರನ್ನು ಎಸೆಯಬೇಡಿ. ಅದರ ಮೇಲಿನ ಚೀಟಿಯಲ್ಲಿ ಟ್ರ್ಯಾಕಿಂಗ್ ಸಂಖ್ಯೆ, ಕಳಿಸಿದವರ ವಿಳಾಸ, ಎಷ್ಟೋ ಸಲ ಜಿಎಸ್‌ಟಿ ಸಂಖ್ಯೆಯೂ ಇರುತ್ತದೆ. ಜಾಹೀರಾತು, ಆ ಪುಟದ ವಿಳಾಸ, ‘ಅಸಲಿ’, ‘ಕೆಎಸ್‌ಐಸಿ’ ಎಂದು ಅವರೇ ಬರೆದಿರುವ ಸಾಲು, ನಿಮ್ಮಿಬ್ಬರ ಮಾತುಕತೆ ಎಲ್ಲವನ್ನೂ ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಜಗಳಕ್ಕೆ ಇಳಿಯುವ ಮೊದಲೇ ಈ ಕೆಲಸ ಮುಗಿದಿರಬೇಕು. ಜಗಳ ಶುರುವಾದ ಗಳಿಗೆಯಲ್ಲೇ ನಿಮ್ಮನ್ನು ಬ್ಲಾಕ್ ಮಾಡುತ್ತಾರೆ, ಆಮೇಲೆ ಪುಟವೇ ಮಾಯವಾಗುತ್ತದೆ. ಇನ್ನು ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಪುಟದ ಹೆಸರಿನಲ್ಲಿ ‘ಮೈಸೂರು’ ಇದ್ದರೂ ಸ್ಟೇಟ್‌ಮೆಂಟಿನಲ್ಲಿ ಬೇರೆಯದೇ ಹೆಸರಿನ ಟೆಕ್ಸ್‌ಟೈಲ್ ಸಂಸ್ಥೆ ಇರುತ್ತದೆ. ನಿಮ್ಮ ಎದುರಾಳಿಯ ನಿಜವಾದ ಹೆಸರು ಅದು. ಎಲ್ಲ ದೂರುಗಳಲ್ಲೂ ಅದನ್ನೇ ಬರೆಯಿರಿ.

ಈಗ ಪ್ರಮಾಣ. ‘ನನಗೆ ನಕಲಿ ಅನ್ನಿಸಿತು’ ಎನ್ನುವುದಕ್ಕೂ ‘ಇದು ನಕಲಿ ಎಂದು ಇಂಥವರು ಬರೆದುಕೊಟ್ಟಿದ್ದಾರೆ’ ಎನ್ನುವುದಕ್ಕೂ ಇರುವ ಅಂತರದಲ್ಲೇ ಹಣ ನಿಂತಿರುತ್ತದೆ. ರೇಷ್ಮೆ ಹೌದೋ ಅಲ್ಲವೋ ಎಂಬುದನ್ನು ಹೇಳಲು ಕೇಂದ್ರ ರೇಷ್ಮೆ ಮಂಡಳಿಯ ‘ಸಿಲ್ಕ್ ಮಾರ್ಕ್’ ವ್ಯವಸ್ಥೆ 2004ರಿಂದ ಇದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಂತು ನಾವೆಲ್ಲ ಬೈದುಕೊಳ್ಳುವ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಹೆಸರು ಕೊಟ್ಟ ಕಚೇರಿ ಈ ಮಂಡಳಿಯದೇ. ಅವರ ಪರೀಕ್ಷಾ ಕೇಂದ್ರಕ್ಕೆ ಸೀರೆ ಒಯ್ದರೆ ಎಳೆ ಪರೀಕ್ಷಿಸಿ ಹೇಳುತ್ತಾರೆ. ಬಾಯಿಮಾತಿಗೆ ತೃಪ್ತರಾಗಿ ಬಂದುಬಿಡಬೇಡಿ, ವರದಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಸೀರೆಯ ಜೊತೆ ಸಿಲ್ಕ್ ಮಾರ್ಕ್ ಚೀಟಿ ಬಂದಿದ್ದರೆ ಅದರ ಸಂಖ್ಯೆ ನಿಜವಾದದ್ದೇ ಎಂಬುದನ್ನೂ ಅಲ್ಲೇ ಕೇಳಿ. ಚೀಟಿಯನ್ನೂ ನಕಲು ಮಾಡುವವರಿದ್ದಾರೆ. ಒಂದು ಮಾತು ನೆನಪಿರಲಿ: ಸಿಲ್ಕ್ ಮಾರ್ಕ್ ಹೇಳುವುದು ‘ಇದು ಶುದ್ಧ ರೇಷ್ಮೆ’ ಎಂದು ಮಾತ್ರ. ಅದು ಕೆಎಸ್‌ಐಸಿ ಸೀರೆ ಎಂಬುದಕ್ಕೆ ಸಾಕ್ಷಿಯಲ್ಲ.

ಎರಡನೆಯ ಬಗೆಯ ನಕಲಿಗೆ ಕೆಎಸ್‌ಐಸಿಯ ಮಾತೇ ಬೇಕು. ಅವರ ಸೀರೆಯಲ್ಲಿ ಹೊಲೊಗ್ರಾಂ ಇರುತ್ತದೆ, ಜೊತೆಗೆ ಕಸೂತಿಯಲ್ಲಿ ಮೂಡಿಸಿದ ಸಂಖ್ಯೆಯೂ ಇರುತ್ತದೆ. ಒಂದೊಂದು ಸೀರೆಗೂ ಒಂದೊಂದು ಸಂಖ್ಯೆ. ನಿಮ್ಮ ಸೀರೆಯಲ್ಲಿ ಸಂಖ್ಯೆಯೇ ಇಲ್ಲದಿದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ. ಇದ್ದರೆ, ಫೋಟೊ ತೆಗೆದು ನಿಗಮಕ್ಕೆ ಬರೆಯಿರಿ. ಮಳಿಗೆಯ ಕೌಂಟರಿನಲ್ಲಿ ಇರುವವರು ಒಂದು ಕ್ಷಣ ಮುಟ್ಟಿ ನೋಡಿ ‘ಇದು ನಮ್ಮದಲ್ಲಮ್ಮಾ’ ಎಂದುಬಿಡುತ್ತಾರೆ. ಅವರ ಮಾತು ಬಹುಮಟ್ಟಿಗೆ ಸರಿಯೇ ಇರುತ್ತದೆ, ಆದರೆ ಅದನ್ನು ಅರ್ಜಿಗೆ ಲಗತ್ತಿಸಲು ಆಗುವುದಿಲ್ಲ.

ಇಲ್ಲಿ ನಮಗೊಂದು ಅನುಕೂಲ ಇದೆ, ಯಾರೂ ಬಳಸುವುದಿಲ್ಲ. ವಿದೇಶಿ ಚೀಲವೋ ಶೂವೋ ಕೊಂಡವರು ಖಾಸಗಿ ಪರಿಶೀಲನಾ ಸೇವೆಗಳಿಗೆ ಫೋಟೊ ಕಳಿಸಿ, ಶುಲ್ಕ ಕೊಟ್ಟು ಪ್ರಮಾಣಪತ್ರ ತರಿಸಬೇಕು. ಅದನ್ನು ಒಪ್ಪುವುದೂ ಬಿಡುವುದೂ ಬ್ಯಾಂಕಿನ ವಿವೇಚನೆ. ಕೆಎಸ್‌ಐಸಿ ಹಾಗಲ್ಲ, ಅದು ರಾಜ್ಯ ಸರ್ಕಾರದ ನಿಗಮ. ಮಾಹಿತಿ ಹಕ್ಕು ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಪತ್ರಕ್ಕೆ ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಎರಡೇ ಪ್ರಶ್ನೆ ಕೇಳಿ: ಈ ಸಂಖ್ಯೆಯ ಸೀರೆ ನಿಮ್ಮ ದಾಖಲೆಯಲ್ಲಿ ಇದೆಯೇ? ಈ ಹೆಸರಿನ ಸಂಸ್ಥೆ ನಿಮ್ಮ ಅಧಿಕೃತ ಮಾರಾಟಗಾರನೇ? ‘ಈ ಸೀರೆ ಅಸಲಿಯೇ’ ಎಂದು ಕೇಳಬೇಡಿ. ಅದು ಅಭಿಪ್ರಾಯ ಕೇಳಿದ ಹಾಗೆ, ಅಧಿಕಾರಿ ತಳ್ಳಿಹಾಕಬಹುದು. ದಾಖಲೆಯಲ್ಲಿ ಇರುವುದನ್ನು ಕೇಳಿದರೆ 30 ದಿನದೊಳಗೆ ಸಹಿ ಹಾಕಿ ಉತ್ತರಿಸಲೇಬೇಕು. ಆ ಒಂದು ಹಾಳೆ ಬ್ಯಾಂಕಿಗೂ ಸಾಕ್ಷಿ, ಗ್ರಾಹಕರ ಆಯೋಗಕ್ಕೂ ಸಾಕ್ಷಿ.

ಇಷ್ಟು ಯಾಕೆ ಹೇಳಿದೆ ಎಂದರೆ, ಕಾರ್ಡ್ ಕಂಪನಿಗಳ ನಿಯಮವೇ ಹಾಗಿದೆ. ವೀಸಾದಲ್ಲಿ ನಕಲಿ ಸರಕಿಗೆಂದೇ ಒಂದು ಪ್ರತ್ಯೇಕ ತಕರಾರು ಬಗೆ ಇದೆ. ಸರಕು ನಕಲಿ ಎಂದು ಬ್ರ್ಯಾಂಡಿನ ಹಕ್ಕುದಾರರೋ, ಸರ್ಕಾರಿ ಸಂಸ್ಥೆಯೋ, ಎರಡೂ ಕಡೆಗೆ ಸೇರದ ಪರಿಣತರೋ ಗುರುತಿಸಿರಬೇಕು. ಅಂಥ ಕಾಗದ ಇದ್ದರೆ ಸರಕನ್ನು ವಾಪಸ್ ಕಳಿಸಿರಬೇಕೆಂಬ ಕಡ್ಡಾಯವೂ ಇಲ್ಲ. ಕಾಗದ ಇಲ್ಲದಿದ್ದರೆ ನಿಮ್ಮ ಅರ್ಜಿ ‘ಹೇಳಿದ್ದು ಒಂದು, ಕಳಿಸಿದ್ದು ಇನ್ನೊಂದು’ ಎಂಬ ಬೇರೆ ಬಗೆಗೆ ಸೇರುತ್ತದೆ. ಅದರಲ್ಲಿ ನೀವು ಸರಕನ್ನು ಹಿಂದಿರುಗಿಸಿರಬೇಕು, ಇಲ್ಲವೇ ಹಿಂದಿರುಗಿಸಲು ಸಿದ್ಧ ಎಂದು ತಿಳಿಸಿರುವುದಕ್ಕೆ ಪುರಾವೆ ಬೇಕು.

ನಮ್ಮ ಬೀದಿಯ ಶಿಕ್ಷಕಿಯೊಬ್ಬರ ಪ್ರಕರಣ ಹೇಳಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಗಳ ಸೀಮಂತಕ್ಕೆಂದು 7,900 ರೂಪಾಯಿಯ ಸೀರೆಯನ್ನು ಕ್ರೆಡಿಟ್ ಕಾರ್ಡಿನಲ್ಲಿ ತರಿಸಿದರು. ಬಂದದ್ದು ಪಾಲಿಯೆಸ್ಟರ್. ಸಿಟ್ಟಿನಲ್ಲಿ ಬ್ಯಾಂಕಿಗೆ ಬರೆದರು: ‘ವಂಚಕರು ನನ್ನ ಕಾರ್ಡಿನಿಂದ ಹಣ ಹೊಡೆದಿದ್ದಾರೆ.’ ಬ್ಯಾಂಕು ಅದನ್ನು ವಂಚನೆ ವಿಭಾಗಕ್ಕೆ ಕಳಿಸಿತು. ಒಟಿಪಿ ಹಾಕಿದವರು ನೀವೇ, ಆದ್ದರಿಂದ ಹೊಣೆ ನಿಮ್ಮದೇ ಎಂದು ವಾರದೊಳಗೆ ಉತ್ತರ ಬಂತು. ಬ್ಯಾಂಕು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಗ್ರಾಹಕರ ಮೇಲೆ ಹೊಣೆ ಇಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮವನ್ನು ನೀವು ಕೇಳಿರಬಹುದು. ಅದು ನಿಮಗೆ ಗೊತ್ತಿಲ್ಲದೆ ಬೇರೆ ಯಾರೋ ಹಣ ತೆಗೆದ ಪ್ರಕರಣಕ್ಕೆ. ಇಲ್ಲಿ ಹಣ ಕೊಟ್ಟವರು ನೀವು, ಸುಳ್ಳು ಸರಕು ಕೊಟ್ಟವನು ಅವನು. ಇದು ವ್ಯಾಪಾರದ ತಕರಾರು.

ಎರಡನೆಯ ಸಲ ನಾನು ಪಕ್ಕದಲ್ಲಿ ಕೂತು ಬರೆಸಿದೆ. ಆ ಪತ್ರದ ಸಾರ ಇಷ್ಟು: ‘ಈ ವಹಿವಾಟನ್ನು ನಾನೇ ಮಾಡಿದ್ದೇನೆ. ಶುದ್ಧ ಮೈಸೂರು ಸಿಲ್ಕ್ ಎಂದು ಮಾರಿದ ಸೀರೆ ರೇಷ್ಮೆಯಲ್ಲ ಎಂದು ಸಿಲ್ಕ್ ಮಾರ್ಕ್ ಪರೀಕ್ಷಾ ವರದಿ ಹೇಳಿದೆ. ಮಾರಾಟಗಾರರಿಗೆ ಇಂಥ ದಿನ ಬರೆದು ಹಣ ವಾಪಸ್ ಕೇಳಿದ್ದೇನೆ, ಸೀರೆ ಕೊಡಲು ಸಿದ್ಧಳಿದ್ದೇನೆ. ಅವರು ಉತ್ತರಿಸಿಲ್ಲ. ನಕಲಿ ಸರಕು ಎಂಬ ಕಾರಣಕ್ಕೆ 7,900 ರೂಪಾಯಿಗೆ ಚಾರ್ಜ್‌ಬ್ಯಾಕ್ ಹೂಡಬೇಕೆಂದು ಕೋರುತ್ತೇನೆ.’ ಲಗತ್ತುಗಳು ನಾಲ್ಕು: ಜಾಹೀರಾತಿನ ಸ್ಕ್ರೀನ್‌ಶಾಟ್, ಪಾವತಿ ರಸೀದಿ, ವರದಿ, ಮಾರಾಟಗಾರರಿಗೆ ಬರೆದ ಪತ್ರ. ಅಳಲು, ಸೀಮಂತ, ಅವಮಾನ ಒಂದನ್ನೂ ಬರೆಯಲು ಬಿಡಲಿಲ್ಲ.

ಚಾರ್ಜ್‌ಬ್ಯಾಕ್ ಹೂಡಿದರೆ ಆಗುವುದೇನು? ನಿಮ್ಮ ಬ್ಯಾಂಕು ಕಾರ್ಡ್ ಜಾಲದ ಮೂಲಕ ಮಾರಾಟಗಾರನ ಬ್ಯಾಂಕಿನಿಂದ ಹಣ ವಾಪಸ್ ಕೇಳುತ್ತದೆ. ಮಾರಾಟಗಾರನಿಗೆ ಪ್ರತಿವಾದ ಹೂಡಲು ವಾರಗಳ ಅವಕಾಶ ಇರುತ್ತದೆ. ಈ ನಡುವೆ ನಿಮ್ಮ ಖಾತೆಗೆ ಹಣ ಬಂದಿದ್ದು ಕಂಡರೆ ಹಿಗ್ಗಬೇಡಿ, ಅದು ತಾತ್ಕಾಲಿಕ ಜಮೆ. ಮಾರಾಟಗಾರ ಗೆದ್ದರೆ ಹಿಂತೆಗೆಯುತ್ತಾರೆ. ಶಿಕ್ಷಕಿಯ ಪ್ರಕರಣದಲ್ಲಿ ಅವನು ಉತ್ತರಿಸಿದ: ಪಾರ್ಸೆಲ್ ತಲುಪಿದ್ದಕ್ಕೆ ಸಹಿ ಇದೆ, ನಮ್ಮಲ್ಲಿ ರಿಟರ್ನ್ ಇಲ್ಲವೆಂದು ಮೊದಲೇ ಹಾಕಿದ್ದೇವೆ. ಬ್ಯಾಂಕು ಇದನ್ನು ಶಿಕ್ಷಕಿಗೆ ಕಳಿಸಿ ಅಭಿಪ್ರಾಯ ಕೇಳಿತು. ಬಹಳ ಜನ ಸೋಲುವುದು ಇಲ್ಲೇ. ಆ ಇ-ಮೇಲನ್ನು ನೋಡುವುದೇ ಇಲ್ಲ, ಇಲ್ಲವೇ ‘ಇನ್ನು ಮುಗಿಯಿತು’ ಎಂದು ಕೈಬಿಡುತ್ತಾರೆ. ಶಿಕ್ಷಕಿ ಎರಡೇ ಸಾಲು ಬರೆದರು: ಪಾರ್ಸೆಲ್ ತಲುಪಿಲ್ಲ ಎಂದು ನಾನು ಹೇಳಿಯೇ ಇಲ್ಲ, ತಲುಪಿದ್ದು ನಕಲಿ ಎಂಬುದೇ ತಕರಾರು. ನಕಲಿ ಸರಕನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮ ಹೇಳುತ್ತದೆ. ವರದಿಗೆ ಮಾರಾಟಗಾರನ ಬಳಿ ಉತ್ತರ ಇರಲಿಲ್ಲ. ಜಮೆ ಖಾಯಂ ಆಯಿತು.

ಚಾರ್ಜ್‌ಬ್ಯಾಕ್‌ಗೆ ಗಡುವು ಇದೆ. ಸಾಮಾನ್ಯವಾಗಿ ಸೀರೆ ಬಂದ ದಿನದಿಂದ 120 ದಿನ ಎಂದಿಟ್ಟುಕೊಳ್ಳಿ. ವರದಿಗೋ ಮಾಹಿತಿ ಹಕ್ಕಿನ ಉತ್ತರಕ್ಕೋ ಕಾಯುತ್ತ ಅದನ್ನು ಕಳೆದುಕೊಳ್ಳಬೇಡಿ. ಬ್ಯಾಂಕಿಗೆ ಮೊದಲೇ ಬರೆದು ‘ದಾಖಲೆ ಹಿಂದೆ ಬರುತ್ತದೆ’ ಎಂದು ತಿಳಿಸಿಡಿ. ಬ್ಯಾಂಕು 30 ದಿನ ಕಳೆದರೂ ಉತ್ತರಿಸದಿದ್ದರೆ, ಅಥವಾ ಕಾರಣ ಹೇಳದೆ ತಿರಸ್ಕರಿಸಿದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಜಾಲತಾಣದಲ್ಲಿ ದೂರು ಕೊಡಬಹುದು, ಶುಲ್ಕ ಇಲ್ಲ. ಅಲ್ಲಿ ದೂರು ಇರಬೇಕಾದ್ದು ಬ್ಯಾಂಕಿನ ಲೋಪದ ಮೇಲೆ, ಸೀರೆಯ ಮೇಲಲ್ಲ.

ಮಾರಾಟಗಾರ ನಿಮ್ಮನ್ನು ಬ್ಲಾಕ್ ಮಾಡದೆ ಮಾತಿಗೆ ಬಂದರೆ ಇನ್ನೂ ಎಚ್ಚರ ಬೇಕು. ‘ನಿಮ್ಮ ಖರ್ಚಿನಲ್ಲಿ ಕೊರಿಯರ್ ಮಾಡಿ, ಕೈಸೇರಿದ ಮೇಲೆ ಹಣ’ ಎನ್ನುತ್ತಾನೆ. ಕಳಿಸಿದರೆ ಸಾಕ್ಷಿಯೂ ಹೋಯಿತು, ಸೀರೆಯೂ ಹೋಯಿತು. ‘ನೀವೇ ಪಿಕಪ್ ಮಾಡಿಸಿ, ಪೂರ್ತಿ ಹಣ ಕೊಡುವುದಾಗಿ ಮೊದಲು ಬರೆದು ಕೊಡಿ’ ಎಂದು ಉತ್ತರಿಸಿ. ಇನ್ನೊಬ್ಬ ಸಾವಿರ ರೂಪಾಯಿ ಕಳಿಸಿ ‘ಸಮಸ್ಯೆ ಬಗೆಹರಿದಿದೆ ಎಂದು ಒಂದು ಮೆಸೇಜ್ ಹಾಕಿ ಮೇಡಂ’ ಎನ್ನುತ್ತಾನೆ. ಹಾಕಿದಿರೋ, ಆ ಮೆಸೇಜೇ ಚಾರ್ಜ್‌ಬ್ಯಾಕ್‌ಗೆ ಅವನ ಉತ್ತರವಾಗುತ್ತದೆ. ಹಣ ವಾಪಸ್ ಕೊಡುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ.

ಯುಪಿಐನಲ್ಲಿ ಕೊಟ್ಟವರ ದಾರಿ ಇಷ್ಟು ಸಲೀಸಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಹಣ ಹೋದದ್ದು ವ್ಯಾಪಾರಿ ಖಾತೆಗೆ ಆಗಿದ್ದರೆ ಆ್ಯಪ್‌ನಲ್ಲೂ ಬ್ಯಾಂಕಿನಲ್ಲೂ ತಕರಾರು ಹೂಡಲು ಅವಕಾಶ ಇದೆ. ಪಾವತಿ ಲಿಂಕ್ ಕೊಟ್ಟ ಗೇಟ್‌ವೇ ಕಂಪನಿಗೂ ದೂರು ಬರೆಯಿರಿ. ಮಾರಾಟಗಾರನ ಹಣ ಅವರ ಕೈದಾಟಿಯೇ ಹೋಗಬೇಕಾದ್ದರಿಂದ ದೂರುಗಳು ಹೆಚ್ಚಾದಷ್ಟೂ ಅವನ ಖಾತೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆದರೆ ಯಾರದೋ ಮೊಬೈಲ್ ನಂಬರಿಗೆ, ವೈಯಕ್ತಿಕ ಖಾತೆಗೆ ಕಳಿಸಿದ್ದರೆ ಚಾರ್ಜ್‌ಬ್ಯಾಕ್ ಆಸೆ ಬಿಡಿ. ಹಣ ಪಡೆದು ಏನನ್ನೂ ಕಳಿಸದೆ ಮಾಯವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಆಮೇಲೆ cybercrime.gov.in ನಲ್ಲಿ ದಾಖಲಿಸಿ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ಮಾತ್ರ ತಡೆಯಲು ಸಾಧ್ಯ. ಕ್ಯಾಶ್ ಆನ್ ಡೆಲಿವರಿಯಲ್ಲಿ ಕೊಟ್ಟವರು ಅದೇ ದಿನ ಟ್ರ್ಯಾಕಿಂಗ್ ಸಂಖ್ಯೆ ಹಾಕಿ ಕೊರಿಯರ್ ಕಂಪನಿಗೆ ಬರೆಯಲಿ. ಮಾರಾಟಗಾರನಿಗೆ ಆ ಹಣ ಸಾಮಾನ್ಯವಾಗಿ ಕೆಲವು ದಿನ ಬಿಟ್ಟು ತಲುಪುತ್ತದೆ. ಆ ಸಂದಿಯಲ್ಲಿ ತಡೆಹಿಡಿಯುವಂತೆ ಕೇಳುವುದರಲ್ಲಿ ನಷ್ಟವೇನಿಲ್ಲ.

ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲಿ ಕೊಂಡವರು ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವರು 48 ಗಂಟೆಯಲ್ಲಿ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ನೀವು ಲಿಖಿತವಾಗಿ ಕೇಳಿದರೆ ಮಾರಾಟಗಾರನ ವಿಳಾಸ, ಇ-ಮೇಲ್ ಕೊಡುವುದೂ ಅವರ ಕರ್ತವ್ಯ. ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರ ಇಲ್ಲ, ಅದು ನಡುವೆ ನಿಂತು ಕೇಳುತ್ತದೆ ಅಷ್ಟೇ. ಹೆಸರು ಕೆಡಬಾರದೆನ್ನುವ ಕಂಪನಿಗಳು ಅದಕ್ಕೆ ಬಗ್ಗುತ್ತವೆ, ಹೆಸರೇ ಇಲ್ಲದ ಪುಟಗಳು ಬಗ್ಗುವುದಿಲ್ಲ.

ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಾಟಗಾರ ಎಲ್ಲೇ ಇರಲಿ, ಅವನ ಊರಿಗೆ ಅಲೆಯಬೇಕಿಲ್ಲ. ಸರಕಿನ ಬೆಲೆ 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, e-jagriti.gov.in ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷದೊಳಗೆ ಸಲ್ಲಿಸಬೇಕು. ಬೇಕೆಂದರೆ ಆಯೋಗವೇ ಸೀರೆಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ, ಆದ್ದರಿಂದ ಸೀರೆ ನಿಮ್ಮ ಬಳಿಯೇ ಇರಲಿ. ಪರೀಕ್ಷೆ ಬೇಕಾದ ಪ್ರಕರಣ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಎರಡು ಸಾವಿರದ ಸೀರೆಗೆ ಇಷ್ಟು ಓಡಾಟ ಬೇಕೇ ಎಂದರೆ ಬೇಡ ಎಂದೇ ಹೇಳುತ್ತೇನೆ. ಹತ್ತು ಸಾವಿರ ದಾಟಿದ್ದರೆ ಖಂಡಿತ ಬೇಕು.

ಪೊಲೀಸರ ಬಗ್ಗೆ ಒಂದು ಮಾತು. ಭೌಗೋಳಿಕ ಗುರುತನ್ನು ಸುಳ್ಳಾಗಿ ಹಚ್ಚಿ ಮಾರುವುದು 1999ರ ಕಾಯ್ದೆಯಡಿ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಶಿಕ್ಷೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಆದರೆ ಶೋಧಿಸಿ ವಶಪಡಿಸಿಕೊಳ್ಳುವ ಅಧಿಕಾರ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಿಗೆ ಇಲ್ಲ, ಅದಕ್ಕೂ ಮೊದಲು ರಿಜಿಸ್ಟ್ರಾರರ ಅಭಿಪ್ರಾಯ ಬೇಕು. ನಿಮ್ಮ ಠಾಣೆಯ ಇನ್ಸ್‌ಪೆಕ್ಟರ್ ‘ನಮ್ಮಿಂದಾಗಲ್ಲಮ್ಮಾ’ ಎಂದರೆ ಅದು ಪೂರ್ತಿ ಸೋಮಾರಿತನವಲ್ಲ. ಈ ಹೋರಾಟವನ್ನು ಹೂಡಬೇಕಾದದ್ದು ಹೆಸರಿನ ಹಕ್ಕುದಾರ, ಅಂದರೆ ಕೆಎಸ್‌ಐಸಿ. ಆದ್ದರಿಂದ ನಿಮ್ಮ ಹಣ ವಾಪಸ್ ಬಂದ ಮೇಲೂ ಪುಟದ ವಿಳಾಸ, ಸ್ಟೇಟ್‌ಮೆಂಟಿನ ಹೆಸರು, ಪಾರ್ಸೆಲ್ ಚೀಟಿಯ ಫೋಟೊ ಮೂರನ್ನೂ ನಿಗಮಕ್ಕೆ ಕಳಿಸಿ. ಮುಂದಿನದು ಅವರ ಕೆಲಸ. ಮಾಡದಿದ್ದರೆ ಕೇಳುವುದು ನಮ್ಮ ಕೆಲಸ.

ಇನ್ನೊಂದು ಮಾತು, ಕೆಲವರಿಗೆ ಕಹಿಯಾಗಬಹುದು. ಹೋದ ದುಡ್ಡು ಹೇಗಾದರೂ ಬರಲಿ ಎಂದು ಅದೇ ಸೀರೆಯನ್ನು ‘ಮೈಸೂರು ಸಿಲ್ಕ್, ಒಮ್ಮೆಯೂ ಉಟ್ಟಿಲ್ಲ’ ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕುವವರನ್ನು ನೋಡಿದ್ದೇನೆ. ನಕಲಿ ಎಂದು ತಿಳಿದೂ ಮಾರಿದರೆ ಭೌಗೋಳಿಕ ಗುರುತಿನ ಕಾಯ್ದೆಯ ಕಣ್ಣಿಗೆ ನೀವೂ ಮಾರಾಟಗಾರರೇ.

ಈ ಪತ್ರ ಓದುತ್ತಿರುವವರಲ್ಲಿ ಯಾರಾದರೂ ಕಾರ್ಡಿನಲ್ಲಿ ಹಣ ಕಟ್ಟಿ, ಸೀರೆ ಬಂದು ನಾಲ್ಕು ತಿಂಗಳು ತುಂಬಿಲ್ಲದಿದ್ದರೆ, ವರದಿ ಆಮೇಲೆ ಬರಲಿ, ಇವತ್ತೇ ಬ್ಯಾಂಕಿಗೆ ಇ-ಮೇಲ್ ಹಾಕಿ ದೂರಿನ ಸಂಖ್ಯೆ ಪಡೆದುಕೊಳ್ಳಿ.

ಇತಿ ನಿಮ್ಮವಳು,
ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು